ತವರಿನ ಸೀರೆಗೆ ಬರೆದ ಕರಪತ್ರ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಅಂಗಡಿಯ ಗಾದಿಯ ಮೇಲೆ ಕೂತರೂ ಕೈ ಏನಾದರೊಂದನ್ನು ಮಡಚುತ್ತಿರಬೇಕು, ಇಲ್ಲವೇ ಬರೆಯುತ್ತಿರಬೇಕು. ಈ ಗುಣದಿಂದ ಎಷ್ಟು ಕೆಲಸಗಳಾಗಿವೆಯೋ ಅಷ್ಟೇ ಎಡವಟ್ಟುಗಳೂ ಆಗಿವೆ. ಅವುಗಳಲ್ಲಿ ದೊಡ್ಡದು ತೊಂಬತ್ತರ ದಶಕದ ನಡುವಿನ ಒಂದು ದೀಪಾವಳಿಯ ನಂತರದ್ದು.

ದೀಪಾವಳಿಗೆ ಸೊರಬದ ಕಡೆ ದೊಡ್ಡಹಬ್ಬ ಎನ್ನುತ್ತಾರೆ. ಹಬ್ಬ ಮುಗಿದ ಮೂರನೆಯ ದಿನ ನಾನು ಶಿಕಾರಿಪುರದ ನಮ್ಮ ತವರಿನ ಬಟ್ಟೆ ಅಂಗಡಿಯಲ್ಲಿ ನಿಂತು ಸೀರೆಯ ಒಂದು ಗೋಡೆಯನ್ನೇ ನೋಡುತ್ತಿದ್ದೆ. ನೆಲದಿಂದ ನನ್ನ ಭುಜದವರೆಗೆ ಒಂದೇ ಮಾದರಿಯ ಸೀರೆಗಳು. ಮೈಬಣ್ಣ ಮಾತ್ರ ನಾಲ್ಕು, ಅಂಚು ಎಲ್ಲದಕ್ಕೂ ಒಂದೇ ಕುಂಕುಮದ ಬಣ್ಣ. ಅಂಚಿನುದ್ದಕ್ಕೂ ಜರಿಯ ಗೋಪುರಗಳ ಸಾಲು, ಸೆರಗಿನಲ್ಲಿ ಜೋಡಿ ಗಿಳಿ. ಅಣ್ಣ ಹುಬ್ಬಳ್ಳಿಯ ಸಗಟು ವ್ಯಾಪಾರಿಯ ಮಳಿಗೆಯಲ್ಲಿ ಕೂತು ಒಂದೊಂದನ್ನೂ ಬಿಡಿಸಿ ನೋಡಿ ಆರಿಸಿದ ಮಾಲು. ಹಬ್ಬಕ್ಕೆ ಇಪ್ಪತ್ತು ದಿನ ಮೊದಲು ಬರಬೇಕಾಗಿದ್ದ, ಸೀರೆ ಬಿಗಿದ ಬೇಲುಗಳು ದಾವಣಗೆರೆಯ ಲಾರಿ ಆಫೀಸಿನಲ್ಲಿ ಯಾವುದೋ ಮೂಲೆಯಲ್ಲಿ ಬಿದ್ದಿದ್ದು, ಹಬ್ಬ ಮೂರು ದಿನವಿದೆ ಎನ್ನುವಾಗ ಬಂದಿಳಿದವು. ಅಷ್ಟರಲ್ಲಿ ಊರಿನ ಅರ್ಧ ಜನರ ಹಬ್ಬದ ಬಟ್ಟೆ ಖರೀದಿ ಮುಗಿದಿತ್ತು. ಆ ಮೂರೇ ದಿನದಲ್ಲಿ ಮೂರರಲ್ಲೊಂದು ಪಾಲು ಹೋಗಿತ್ತು. ಚೆನ್ನಾಗಿರದಿದ್ದರೆ ಅಷ್ಟೂ ಹೋಗುತ್ತಿರಲಿಲ್ಲ.

ಹಬ್ಬದ ಮಾಲನ್ನು ಸಗಟು ವ್ಯಾಪಾರಿ ವಾಪಸು ತೆಗೆದುಕೊಳ್ಳುವುದಿಲ್ಲ. ಮುಂದಿನ ವರ್ಷಕ್ಕೆ ಇಡೋಣವೆಂದರೆ ಜರಿ ಕಪ್ಪಗಾಗುತ್ತದೆ, ಮಡಿಕೆಯ ಗೆರೆಯಲ್ಲೇ ನೂಲು ಸೋಲುತ್ತದೆ. ತುಳಸಿ ಪೂಜೆ ಕಳೆದರೆ ಮದುವೆಗಳು ಶುರು, ಮದುವೆಯ ಮಾಲಿಗೆ ಇದೇ ಗೋಡೆ ಬೇಕು. ಅಣ್ಣ ಗಲ್ಲದ ಮೇಲೆ ಕೈಯಿಟ್ಟು ಕೂತಿದ್ದ.

ಅಲ್ಲಿಗೆ ಹೋದದ್ದು ನಾನು ಹಬ್ಬದ ಸೀರೆ ತೆಗೆದುಕೊಳ್ಳಲಿಕ್ಕೆ. ಮದುವೆಯಾಗಿ ಸೊರಬ ಸೇರಿ ಆರು ವರ್ಷವಾಗಿತ್ತು. ಅಲ್ಲಿ ನಮ್ಮ ಯಜಮಾನರದೂ ಬಟ್ಟೆ ಅಂಗಡಿಯೇ, ಅಣ್ಣನ ಅಂಗಡಿಯಿಂದಲೇ ಮಾಲು ಬರುತ್ತಿತ್ತು, ಈ ಸೀರೆಯದೂ ಒಂದು ಪಾಲು ಬಂದಿತ್ತು. ಹಬ್ಬದಲ್ಲಿ ಅಂಗಡಿ ಬಿಟ್ಟು ತವರಿಗೆ ಬರಲು ಆಗುತ್ತಿರಲಿಲ್ಲ. ಅಮ್ಮ ಇದ್ದಾಗ ನಾನು ಬರುವ ದಿನಕ್ಕೆ ಸೀರೆ ದೇವರ ಮುಂದೆ ಕಾದಿರುತ್ತಿತ್ತು. ಅದರ ಮಡಿಕೆಯ ಒಳಗೆ ದಾರ ಸುತ್ತಿದ ಒಂದು ಅರಿಶಿನದ ಕೊಂಬು ಇಟ್ಟೇ ಕೊಡುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಅದು ಮೊದಲ ಹಬ್ಬ. ಅಣ್ಣ ಗಾದಿಯ ಕೆಳಗಿನಿಂದ ಅಂಗಡಿಯದೇ ಒಂದು ಪ್ಲಾಸ್ಟಿಕ್ ಕವರು ತೆಗೆದು, "ತಗೋ ತಂಗಿ, ನಿಂದು" ಎಂದು ಕೈಗಿಟ್ಟ. ಇಣುಕಿ ನೋಡಿದೆ. ಕುಂಕುಮದ ಬಣ್ಣದ ಅಂಚು, ಗೋಪುರದ ಸಾಲು.

ನನ್ನ ಹಿಂದೆ ಅದೇ ಸೀರೆಯ ಗೋಡೆ ನಿಂತಿತ್ತು. ಮಾರಿ ಮಿಕ್ಕಿದ್ದರಲ್ಲಿ ಒಂದು ಎತ್ತಿ ಕೊಟ್ಟಿದ್ದಾನೆ ಎಂದು ನನಗೆ ಅನ್ನಿಸಿಬಿಟ್ಟಿತು. ಹಾಗೆ ಅನ್ನಿಸಿದ ಮೇಲೆ ಬಿಡಿಸಿ ನೋಡಲು ಮನಸ್ಸಾಗಲಿಲ್ಲ. ಕವರನ್ನು ಹಾಗೇ ಚೀಲಕ್ಕೆ ತುರುಕಿದೆ. ಆದರೆ ಸಿಟ್ಟು ಎಲ್ಲಾದರೂ ದಾರಿ ಹುಡುಕಲೇಬೇಕಲ್ಲ.

"ಗಲ್ಲಕ್ಕೆ ಕೈ ಕೊಟ್ಟು ಕೂತ್ರೆ ಮಾಲು ಹೋಗ್ತದೇನೋ ಅಣ್ಣ? ಒಂದು ಕರಪತ್ರ ಹೊಡಿಸು. ನಾನು ಬರೆದು ಕೊಡ್ತೀನಿ" ಎಂದೆ.

ನಮ್ಮ ಎರಡೂ ಅಂಗಡಿಗಳ ಕರಪತ್ರ ಬರೆಯುವುದು ನಾನೇ. ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದವಳು ಎಂಬ ಜಂಬ ನನಗೂ ಇತ್ತು, ಅಣ್ಣನಿಗೂ ಇತ್ತು. ಅವನು ಮೊದಲು ಯೋಚಿಸಿದ್ದು ಬರೀ "ಭಾರಿ ರಿಯಾಯಿತಿ, ಅರ್ಧ ಬೆಲೆ" ಎಂದು. ಯಾವ ಸೀರೆ ಎಂದು ಹೇಳದಿದ್ದರೆ ಜನ ಹಳೇ ಮಾಲು ಅಂದುಕೊಳ್ಳುತ್ತಾರೆ, ಕಣ್ಣಿಗೆ ಕಟ್ಟುವ ಹಾಗೆ ಬರೆದರೆ ಒಳ್ಳೆಯ ಮಾಲು ಎಂದು ತಿಳಿಯುತ್ತದೆ ಎಂದು ನಾನು ವಾದಿಸಿದೆ. ನಿಂತ ನಿಲುವಿನಲ್ಲೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದೆ:

"ಹಬ್ಬದಲ್ಲಿ ಉಳಿದ ಸೀರೆಗಳ ಭಾರಿ ಮಾರಾಟ! ಕುಂಕುಮದ ಅಂಚು, ಅಂಚಿನುದ್ದಕ್ಕೂ ಗೋಪುರದ ಸಾಲು, ಸೆರಗಿನಲ್ಲಿ ಜೋಡಿ ಗಿಳಿ! ಹಬ್ಬದ ಬೆಲೆ ಮುನ್ನೂರ ಅರವತ್ತು, ಈಗ ನೂರ ಎಂಬತ್ತು ಮಾತ್ರ! ಎರಡೇ ದಿನ!"

ಅಣ್ಣ ಓದಿ ತಲೆಯಾಡಿಸಿದ. ಏನೋ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ. ಅವನು ಏನು ಹೇಳಲಿದ್ದ ಎಂಬುದು ಕೆಲವು ದಿನಗಳ ನಂತರ ತಿಳಿಯಿತು.

ಪ್ರೆಸ್ಸು ಶಿಕಾರಿಪುರದಲ್ಲೇ ಇತ್ತು. ನಡೆಸುತ್ತಿದ್ದವರು ನಿವೃತ್ತ ಶಾಲಾ ಮಾಸ್ತರು. ಕನ್ನಡಕವನ್ನು ಹಣೆಗೇರಿಸಿ, ಒಂದೊಂದೇ ಅಚ್ಚಿನ ಮೊಳೆಯನ್ನು ತಡಕಿ ಜೋಡಿಸುತ್ತಿದ್ದರು. ಮರುದಿನ ಸಂಜೆಗೆ ಗುಲಾಬಿ ಕಾಗದದ ಎರಡು ಕಟ್ಟು ಸಿದ್ಧವಾದವು. ಒಂದು ಕಟ್ಟು ಅಣ್ಣನಿಗೆ, ಇನ್ನೊಂದು ಸೊರಬಕ್ಕೆ. ಅಣ್ಣ ಒಂದು ಜೀಪಿಗೆ ಮೈಕು ಕಟ್ಟಿಸಿ ಶಿಕಾರಿಪುರದ ಬೀದಿಗಳಲ್ಲಿ ಕೂಗಿಸಿದ. ನಾವು ಸೊರಬದ ಸಂತೆಯಲ್ಲಿ ಹಂಚಿಸಿದೆವು, ಜಡೆ, ಕುಪ್ಪಗಡ್ಡೆ ಕಡೆ ಹೋಗುವ ಬಸ್ಸುಗಳ ಸೀಟಿನ ಮೇಲೆ ಇಡಿಸಿದೆವು. ನನ್ನ ಸೂಚನೆಯಂತೆ ಎರಡೂ ಅಂಗಡಿಯ ಮುಂದೆ ಬೆಂಚು ಹಾಕಿ, ಅದರ ಮೇಲೆ ಸೀರೆಗಳನ್ನು ರಾಶಿ ಸುರಿದದ್ದೂ ಆಯಿತು.

ಜನ ಬರಲಿಲ್ಲವೆಂದಲ್ಲ. ಬಂದರು. ಬಂದವರು ಸೀರೆಯನ್ನು ಮೇಲೆತ್ತಿ ಬಿಸಿಲಿಗೆ ಹಿಡಿಯುತ್ತಿದ್ದರು. ತೂತು ಹುಡುಕುತ್ತಿದ್ದರು. ಒಬ್ಬಾಕೆ ಅಂಚನ್ನು ಬೆರಳಿನಿಂದ ಉಜ್ಜಿ, ಬೆರಳನ್ನು ನೋಡಿಕೊಂಡಳು, ಬಣ್ಣ ಬಿಡುತ್ತದೆಯೇ ಎಂದು.

"ಡ್ಯಾಮೇಜ್ ಮಾಲೇನ್ರೀ?"

"ಅಲ್ಲಮ್ಮ, ಹಬ್ಬದ ಮಾಲೇ. ಚೆನ್ನಾಗಿದೆ."

"ಚೆನ್ನಾಗಿದ್ರೆ ಯಾಕ್ರೀ ಅರ್ಧಕ್ಕೆ ಕೊಡ್ತೀರಿ?"

ಈ ಪ್ರಶ್ನೆಗೆ ನನ್ನ ಕರಪತ್ರದಲ್ಲಿ ಉತ್ತರವಿರಲಿಲ್ಲ. ಲಾರಿ ತಡವಾದ ಕಥೆಯನ್ನು ಒಬ್ಬೊಬ್ಬರಿಗೂ ಹೇಳುತ್ತಾ ಹೋದೆ. ಸುರಿದ ರಾಶಿಯ ಪಕ್ಕದಲ್ಲಿ ನಿಂತು ಹೇಳುವ ಮಾತನ್ನು ಯಾರು ನಂಬುತ್ತಾರೆ? ಮೊದಲ ದಿನ ನಮ್ಮಲ್ಲಿ ಐದು ಹೋದವು. ಕೊಂಡವರಲ್ಲಿ ಇಬ್ಬರು, ಮನೆಗೆಲಸದಾಕೆಗೆ ಕೊಡಲಿಕ್ಕೆ ಎಂದು ಹೇಳಿಯೇ ಕೊಂಡರು. ನನಗೆ ಒಳಗೊಳಗೇ ಉರಿಯಿತು. ಹಬ್ಬದ ಹಿಂದಿನ ದಿನ ಇದೇ ಸೀರೆಗೆ ಹೆಂಗಸರು "ನನಗಿರಲಿ, ನನಗಿರಲಿ" ಎಂದು ಕೈ ಚಾಚಿದ್ದರು.

ಎರಡನೆಯ ದಿನ ಮಧ್ಯಾಹ್ನ ಜಡೆಯ ಬಸ್ಸಿನಿಂದ ಒಬ್ಬಾಕೆ ಇಳಿದು ನೇರ ನಮ್ಮ ಅಂಗಡಿಗೆ ಬಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬಹುದು. ಹೊರಗಿನ ರಾಶಿಯತ್ತ ಒಮ್ಮೆ ನೋಡಿ ಕಣ್ಣು ತಿರುಗಿಸಿದಳು. ಕಂಕುಳಲ್ಲಿದ್ದ ಪೇಪರಿನ ಸುರುಳಿಯನ್ನು ಗಾದಿಯ ಮೇಲಿಟ್ಟು ಬಿಚ್ಚಿದಳು. ಎಲೆಹಸಿರು ಸೀರೆ, ಕುಂಕುಮದ ಅಂಚು. ಒಮ್ಮೆ ಉಟ್ಟು ಮಡಚಿದ್ದು.

"ಇದು ನಿಮ್ದೇ ಅಲ್ರೀ?"

"ನಮ್ಮ ಶಿಕಾರಿಪುರದ ಅಂಗಡೀದು. ಏನಾಗ್ಬೇಕಿತ್ತು?"

"ನಮ್ಮಣ್ಣ ಈಸೂರಿಂದ ತಂದು ಕೊಟ್ಟಿದ್ದು, ಹಬ್ಬಕ್ಕೆ." ಅವಳು ಮಾತನ್ನು ಹುಡುಕುತ್ತಿದ್ದಳು. "ಅವನು ತಗೊಂಡಾಗ ಇದರ ರೇಟು ಎಷ್ಟಿತ್ತು ಅಂತ ಕೇಳಾಕ ಬಂದೆ."

ಹಿಂದಿನ ದಿನದಿಂದ ಡ್ಯಾಮೇಜು, ತೂತು ಎಂಬ ಮಾತನ್ನೇ ಕೇಳಿ ಕೇಳಿ ನನ್ನ ತಾಳ್ಮೆ ಕೆಟ್ಟಿತ್ತು. ಉಟ್ಟ ಸೀರೆ ತಂದು ಅರ್ಧ ಹಣ ವಾಪಸು ಕೇಳಲು ಬಂದಿದ್ದಾಳೆ ಎಂದುಕೊಂಡೆ.

"ಬಿಲ್ ತಂದಿದೀರಾ?" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು.

"ತವರಿನ ಸೀರೆಗೆ ಯಾರಾದ್ರೂ ಬಿಲ್ ಕೇಳ್ತಾರೇನ್ರೀ?"

ಆಮೇಲೆ ಒಂದೊಂದಾಗಿ ಹೇಳಿದಳು. ಅವಳ ನಾದಿನಿ ಬಸ್ಸಿನಲ್ಲಿ ಸಿಕ್ಕ ಗುಲಾಬಿ ಚೀಟಿಯನ್ನು ಮನೆಗೆ ತಂದು, ಅಡುಗೆ ಮನೆಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದ್ದಳಂತೆ. ಕುಂಕುಮದ ಅಂಚು, ಗೋಪುರದ ಸಾಲು, ಜೋಡಿ ಗಿಳಿ. ಓದಿ, "ಓ, ನಮ್ಮ ಅತ್ತಿಗೆಯ ಸೀರೆಯೇ ಪೇಪರಿನಲ್ಲಿ ಬಂದೈತಿ" ಎಂದು ನಕ್ಕಳಂತೆ. ಅತ್ತೆ ಮರುದಿನ ನೆರೆಮನೆಯಾಕೆ ಬಂದಾಗ, "ಉಳಿದಿದ್ದು ತಂದು ಕೊಟ್ಟಾರೆ, ಕೊಟ್ಟರಲ್ಲ ಅದೇ ಹೆಚ್ಚು" ಎಂದರಂತೆ.

"ನಮ್ಮಣ್ಣ ಹಂಗ ಮಾಡೋನಲ್ರೀ. ಆದ್ರೂ ಒಂದು ಮಾತು ಕಿವಿಗೆ ಬಿದ್ದಮ್ಯಾಲೆ ಕುಟುಕ್ತಾನೇ ಇರ್ತದೆ. ಒಂದು ಚೀಟಿ ಬರೆದು ಕೊಡ್ತೀರಾ? ಹಬ್ಬದಾಗೆ ಇಷ್ಟಕ್ಕೆ ಕೊಟ್ಟಿದ್ದು, ಉಳಿದಿದ್ದಲ್ಲ ಅಂತ. ರೊಕ್ಕ ಏನೂ ಬ್ಯಾಡ."

ಅಷ್ಟರಲ್ಲಿ ಬೆಂಚಿನ ಹತ್ತಿರ ಇಬ್ಬರು ಗಿರಾಕಿಗಳು ಅದೇ ಬಣ್ಣದ ಸೀರೆಯ ಎರಡು ತುದಿ ಹಿಡಿದು ಎಳೆದಾಡುತ್ತಾ, "ಇದರಾಗೆ ಏನೋ ಐತೆ, ಇಲ್ಲಾಂದ್ರೆ ಈ ರೇಟಿಗೆ ಕೊಡ್ತಿರಲಿಲ್ಲ" ಎಂದರು. ಅವಳಿಗೂ ಕೇಳಿಸಿತು. ಸೀರೆಯನ್ನು ಪೇಪರಿನಲ್ಲಿ ಸುತ್ತಿ, "ಇರ್ಲಿ ಬಿಡ್ರೀ" ಎಂದು ಹೊರಟೇಬಿಟ್ಟಳು. ನಾನು ಕೂಗಿದೆ, ಅವಳು ತಿರುಗಿ ನೋಡಲಿಲ್ಲ.

ಆ ಕ್ಷಣದಿಂದ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹಬ್ಬದಲ್ಲಿ ಆ ಸೀರೆ ಕೊಂಡವರಲ್ಲಿ ಹೆಚ್ಚಿನವರು ಯಾರು? ಅಣ್ಣಂದಿರು, ಅಪ್ಪಂದಿರು. ತಮಗೆಂದು ಕೊಂಡವರು ಕಡಿಮೆ, ಮನೆಯ ಹೆಣ್ಣುಮಕ್ಕಳಿಗೆಂದು ಕೊಂಡವರೇ ಹೆಚ್ಚು. ನಾನು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದೆನಲ್ಲ, ಎರಡು ತಾಲ್ಲೂಕಿನ ಎಷ್ಟೋ ಮನೆಗಳ ಅಡುಗೆ ಮನೆಯ ಬಾಗಿಲಲ್ಲಿ ಅದು ಕಣ್ಣಿಗೆ ಕಟ್ಟಿಯೇ ಇತ್ತು. ಕೆಟ್ಟದಾಗಿ ಬರೆದಿದ್ದರೆ ಯಾರಿಗೂ ತಮ್ಮ ಸೀರೆ ಅದೇ ಎಂದು ಗೊತ್ತಾಗುತ್ತಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಶಾಪ ಹಾಕಿಕೊಂಡೆ.

ಅಂಗಡಿಯ ಮುಂದಿನ ಬೆಂಚಿನಿಂದ ಸೀರೆಗಳನ್ನೆಲ್ಲ ಬಾಚಿ ಒಳಗೆ ತಂದೆ. ಎರಡನೆಯ ದಿನ ಇನ್ನೂ ಮುಗಿದಿರಲಿಲ್ಲ. ಯಜಮಾನರು ಮೆತ್ತಗೆ, "ಇವತ್ತು ಸಂಜೆ ತನಕ ಚೀಟಿ ಹಿಡಿದು ಬಂದೋರಿಗೆ ಆ ಬೆಲೆಗೇ ಕೊಡ್ಬೇಕು, ಬರೆದುಬಿಟ್ಟಿದೀವಲ್ಲ" ಎಂದರು. ಹಾಗೇ ಕೊಟ್ಟೆವು. ಸಂಜೆ ಮುಗಿದದ್ದೇ ಸಮಾಧಾನ.

ಮರುದಿನ ಮೊದಲ ಬಸ್ಸಿಗೆ ಶಿಕಾರಿಪುರಕ್ಕೆ ಹೊರಟೆ. ಶಿರಾಳಕೊಪ್ಪದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಎಲ್ಲರೂ ಕೂತು ಚಹಾ ಕುಡಿದರೆ ನಾನು ಬಸ್ ಸ್ಟ್ಯಾಂಡಿನ ಈ ಕೊನೆಯಿಂದ ಆ ಕೊನೆಗೆ ನಡೆದೆ. ಕಂಬವೊಂದಕ್ಕೆ ನನ್ನ ಗುಲಾಬಿ ಚೀಟಿ ಅಂಟಿತ್ತು. ಉಗುರಿನಿಂದ ಕೆರೆದು ತೆಗೆದೆ. ಅರ್ಧ ಬಂತು, "ಜೋಡಿ ಗಿಳಿ" ಎಂಬಷ್ಟು ಕಂಬದ ಮೇಲೇ ಉಳಿಯಿತು.

ಅಣ್ಣನ ಅಂಗಡಿಯ ಮುಂದೆಯೂ ರಾಶಿ ಹಾಗೇ ಇತ್ತು. ಅವನ ಕಥೆಯೂ ಬೇರೆಯಲ್ಲ. ಹಬ್ಬದಲ್ಲಿ ಪೂರ್ತಿ ಬೆಲೆ ಕೊಟ್ಟಿದ್ದ ಇಬ್ಬರು ಗಿರಾಕಿಗಳು, ಅಪ್ಪನ ಕಾಲದಿಂದ ಬರುವವರು, ಬಂದು ಬೈದು ಹೋಗಿದ್ದರಂತೆ. ಬೈದದ್ದಕ್ಕಿಂತ ಹೆಚ್ಚಾಗಿ, ಅವರು ನಮ್ಮ ಎದುರಿನ ಅಂಗಡಿಗೆ ಹೋಗಿ ಕೂತದ್ದು ಅಣ್ಣನಿಗೆ ನೋವಾಗಿತ್ತು.

ನಾನು ಜಡೆಯ ಆಕೆಯ ವಿಷಯ ಹೇಳಿದೆ.

"ನಿನಗ ಕೊಟ್ಟಿದ್ದೂ ಅದೇ ಸೀರೆ ಐತಿ ಕಣವ್ವ" ಎಂದ ಅಣ್ಣ. "ಬರೆಯೋವಾಗ ನೆನಪಾಗಲಿಲ್ಲಾ? ಅವತ್ತೇ ಹೇಳೋಣ ಅಂದ್ಕೊಂಡೆ. ನಿನ್ನ ಮುಖ ನೋಡಿ ಬಿಟ್ಟೆ."

ನೆನಪಿತ್ತು. ನೆನಪಿದ್ದದ್ದರಿಂದಲೇ ಹಾಗೆ ಬರೆದೆನೋ ಏನೋ. ಮಿಕ್ಕಿದ್ದನ್ನು ಕೊಟ್ಟಿದ್ದೀಯಲ್ಲ, ಮಿಕ್ಕಿದ್ದು ಎಂದೇ ಬರೆಯುತ್ತೇನೆ ಎಂಬ ಹಟ ಕೈಯಲ್ಲಿ ಕೂತಿತ್ತೆಂದು ಈಗ ಅನ್ನಿಸುತ್ತದೆ. ಆಗ ಅದನ್ನು ಒಪ್ಪುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. "ಅದೆಲ್ಲ ಇರ್ಲಿ, ಈಗ ಮಾಡೋದೇನು?" ಎಂದು ಮಾತು ಹಾರಿಸಿದೆ.

ಅಣ್ಣ ಹೇಳಿದ್ದು, ಬೆಲೆ ಇನ್ನೂ ಇಳಿಸೋಣ, ಒಂದೇ ಏಟಿಗೆ ಖಾಲಿಯಾಗಲಿ ಎಂದು. ನಾನು ಆಗುವುದಿಲ್ಲ ಎಂದೆ. ಇನ್ನೂ ಇಳಿಸಿದರೆ ಜಡೆಯ ಆಕೆಯ ಅತ್ತೆ ಹೇಳಿದ್ದನ್ನು ನಾವೇ ಮುದ್ರೆ ಹೊಡೆದು ಕೊಟ್ಟ ಹಾಗೆ. ಬೆಲೆ ಹಬ್ಬದ್ದೇ ಇರಲಿ. ಜೊತೆಗೆ ಒಪ್ಪುವ ರವಿಕೆ ಬಟ್ಟೆ ಒಂದು, ಸೀರೆಯ ಕೆಳಗಂಚಿಗೆ ಹಚ್ಚುವ ಫಾಲ್ ಒಂದು ನಮ್ಮ ಕಡೆಯಿಂದ ಕೊಡೋಣ. ಹಬ್ಬದಲ್ಲಿ ಕೊಂಡವರಿಗೂ ಅಷ್ಟೇ ಕೊಡೋಣ.

"ಆಗಲೇ ಮಾರಿದ್ದಕ್ಕೂ ಕೊಡಬೇಕಾ? ತಲಿ ಕೆಟ್ಟೈತೇನು ನಿನಗ?"

"ಅವರಿಗೆ ಕೊಡದಿದ್ರೆ ಹೊಸಬರಿಗೆ ಕೊಟ್ಟು ಏನು ಉಪಯೋಗ? ಅವರ ಮನೇಲಿ ಆ ಸೀರೆ ಮರ್ಯಾದೆಯಿಂದ ಇದ್ರೆ ತಾನೆ ಇಲ್ಲಿರೋದು ಮರ್ಯಾದೆಯಿಂದ ಹೋಗೋದು?"

ಅರ್ಧ ಗಂಟೆ ಜಗಳವಾಡಿದೆವು. ನಮ್ಮಿಬ್ಬರಿಗೂ ಅಪ್ಪನ ದನಿಯೇ ಬಂದಿದೆ, ಬೀದಿಗೆ ಕೇಳಿಸಿರಬೇಕು. ಕೊನೆಗೆ ಅಣ್ಣ ಕೈ ಮುಗಿದು, "ಬರಿ ತಾಯಿ, ಬರಿ" ಎಂದ.

ಈ ಸಲ ಪ್ರೆಸ್ಸಿಗೆ ನಾನೇ ಹೋದೆ. ಮಾಸ್ತರ ಎದುರಿನ ಸ್ಟೂಲಿನ ಮೇಲೆ ಕೂತು, ಏಳುತ್ತಾ ಕೂರುತ್ತಾ ನಾಲ್ಕು ಸಲ ಬರೆದೆ. ಹಿಂದಿನದನ್ನು ಓದಿದಾಗ ತಮಗೆ ಏನೂ ಅನ್ನಿಸಲಿಲ್ಲವೇ ಎಂದು ಮಾಸ್ತರನ್ನು ಕೇಳಿದೆ.

"ಮೊಳೆ ಜೋಡಿಸೋನು ಅಕ್ಷರ ಓದ್ತಾನಮ್ಮ, ಅದೂ ತಲೆಕೆಳಗಾಗಿ. ಅರ್ಥ ಓದೋನಲ್ಲ" ಎಂದರು. "ಈಗ ಓದಿ ಹೇಳು, ಕೇಳ್ತೀನಿ."

ನನ್ನ ನಾಲ್ಕನೆಯ ಬರಹದಲ್ಲಿ ಒಂದು ಸಾಲಿತ್ತು: "ಹಿಂದಿನ ಅರ್ಧ ಬೆಲೆ ನಮ್ಮ ಆತುರದಿಂದ ಆದದ್ದು, ಸೀರೆಯಲ್ಲಿ ಯಾವ ದೋಷವೂ ಇಲ್ಲ." ನನಗೆ ಅದು ಬಹಳ ಪ್ರಾಮಾಣಿಕವಾದ ಸಾಲು ಅನ್ನಿಸಿತ್ತು. ಮಾಸ್ತರು ಕೈ ಎತ್ತಿ ನಿಲ್ಲಿಸಿದರು.

"ದೋಷ ಅಂತ ಬರೆದ್ರೆ ಓದೋರಿಗೆ ದೋಷ ಒಂದೇ ಕಾಣ್ತದೆ. ಇಲ್ಲ ಅನ್ನೋದು ಕಾಣಲ್ಲ. ಮಕ್ಕಳಿಗೆ ನಾನು ಪಾಠ ಮಾಡಿದ್ದು ಮೂವತ್ತು ವರ್ಷ, ಗೊತ್ತು ನನಗೆ. ಏನಾಯ್ತು ಅಂತ ಹೇಳು ಸಾಕು."

ಏನಾಯ್ತು ಎಂದು ಹೇಳಿದೆ. ಅದನ್ನೇ ಮೊದಲ ಸಾಲಿಗೆ ತಂದೆ. ಉಳಿದ, ಖಾಲಿ, ರಿಯಾಯಿತಿ, ಭಾರಿ, ಎಲ್ಲ ಹೊಡೆದು ಹಾಕಿದೆ. ಆಶ್ಚರ್ಯದ ಗುರುತುಗಳನ್ನೂ ತೆಗೆದೆ. ಅಚ್ಚಾದದ್ದು ಇಷ್ಟು:

"ನಮ್ಮ ಹಬ್ಬದ ಸೀರೆ ಈ ವರ್ಷ ದಾರಿಯಲ್ಲಿ ತಡವಾಗಿ, ಹಬ್ಬಕ್ಕೆ ಮೂರೇ ದಿನ ಮೊದಲು ಅಂಗಡಿಗೆ ಬಂತು. ಬಹಳ ಮಂದಿಗೆ ನೋಡಲು ಆಗಲಿಲ್ಲ. ಕಾರ್ತಿಕದ ಕೊನೆಯ ಸೋಮವಾರದವರೆಗೆ ಅದೇ ಸೀರೆ, ಹಬ್ಬದ ಬೆಲೆಗೇ ಸಿಗುತ್ತದೆ. ಜೊತೆಗೆ ಒಪ್ಪುವ ರವಿಕೆ ಬಟ್ಟೆ ಮತ್ತು ಫಾಲ್ ನಮ್ಮ ಅಂಗಡಿಯಿಂದ. ಹಬ್ಬದಲ್ಲೇ ಕೊಂಡವರಿಗೂ, ತವರಿನಿಂದ ಪಡೆದವರಿಗೂ ಇದು ಸಲ್ಲುತ್ತದೆ. ಸೀರೆ ಉಟ್ಟು ಬನ್ನಿ ಅಥವಾ ತಂದು ತೋರಿಸಿ. ಬಿಲ್ ಕೇಳುವುದಿಲ್ಲ."

ಗುಲಾಬಿ ಕಾಗದ ಬೇಡವೆಂದೆ. ಮದುವೆಯ ಕರೆಯೋಲೆಗೆ ಬಳಸುವ ಹಳದಿ ಕಾಗದ ತೆಗೆಸಿದೆ. ಜೀಪು, ಮೈಕು ಬೇಡ. ಪೇಪರ್ ಹಾಕುವವರ ಕೈಗೆ ಕೊಟ್ಟು ಮನೆಗಳಿಗೆ ಮುಟ್ಟಿಸಿದೆವು. ರಾಶಿ ಹಾಕಿದ್ದ ಸೀರೆಗಳನ್ನೆಲ್ಲ ಒಂದೊಂದಾಗಿ ಕೊಡವಿ, ಇಸ್ತ್ರಿ ಹೊಡೆಸಿ, ಹೊಸದಾಗಿ ಮಡಚಿ ಒಳಗಿನ ಕಪಾಟಿನಲ್ಲಿ ಜೋಡಿಸಿದೆವು. ಒಂದು ಸಲಕ್ಕೆ ನಾಲ್ಕು ಬಣ್ಣದ ನಾಲ್ಕೇ ಸೀರೆ ಹೊರಗೆ ತೂಗುಹಾಕಿದೆವು. ಮಾಲು ಅದೇ, ಗೋಡೆ ಮಾತ್ರ ಒಳಗೆ ಹೋಗಿತ್ತು.

ಸೊರಬಕ್ಕೆ ಮರಳಿದ ದಿನವೇ ಒಂದು ಚೀಟಿಯನ್ನೂ ಬರೆದೆ, ನಮ್ಮ ಅಂಗಡಿಯ ಹೆಸರಿನ ಹಾಳೆಯಲ್ಲಿ. ಎಲೆಹಸಿರು ಸೀರೆಯನ್ನು ಈಸೂರಿನ ಇಂಥವರು ಹಬ್ಬಕ್ಕೆ ಮೊದಲು, ಪೂರ್ತಿ ಬೆಲೆಗೆ, ಬೇಲು ಬಿಚ್ಚಿದ ದಿನವೇ ಆರಿಸಿ ಕೊಂಡದ್ದು ನಿಜ ಎಂದು. ನಮ್ಮ ಅಣ್ಣನಿಗೆ ಆ ಗಿರಾಕಿಯ ನೆನಪಿತ್ತು. ಈಸೂರಿನಿಂದ ಬಂದವನು ನಾಲ್ಕೂ ಬಣ್ಣವನ್ನು ಬಾಗಿಲ ಬೆಳಕಿಗೆ ಹಿಡಿದು, "ನಮ್ಮ ಹುಡುಗಿ ಸ್ವಲ್ಪ ಕಪ್ಪು, ಯಾವುದು ಒಪ್ತದೆ?" ಎಂದು ಕೇಳಿದ್ದನಂತೆ. ಆ ಮಾತನ್ನೂ ಚೀಟಿಯಲ್ಲಿ ಬರೆಯಬೇಕೆನ್ನಿಸಿತು, ಬರೆಯಲಿಲ್ಲ. ಹಸಿರು ಸೀರೆಯಾಕೆ ಎಂದು ಗುರುತು ಹೇಳಿ, ಜಡೆಯ ಬಸ್ಸಿನ ಕಂಡಕ್ಟರ ಕೈಯಲ್ಲಿ ಲಕೋಟೆ ಕಳಿಸಿದೆ. "ಯಾರ ಮನೆ ಅಂತ ಗೊತ್ತಾಯ್ತು ಬಿಡಿ" ಎಂದು ಅವರು ಒಯ್ದರು.

ಹಳದಿ ಕಾಗದ ಹೋದ ಮೂರು ದಿನ ಯಾರೂ ಬರಲಿಲ್ಲ. ನಾನು ಬಾಗಿಲಿಗೂ ಗಾದಿಗೂ ಓಡಾಡಿ ಓಡಾಡಿ ಯಜಮಾನರ ತಲೆ ತಿಂದೆ. ನಾಲ್ಕನೆಯ ದಿನ ಕುಪ್ಪಗಡ್ಡೆಯಿಂದ ತಾಯಿ ಮಗಳು ಬಂದರು. ಮಗಳು ಹಬ್ಬದ ಸೀರೆಯನ್ನೇ ಉಟ್ಟಿದ್ದಳು. ರವಿಕೆ ಬಟ್ಟೆ ಕೊಟ್ಟೆವು. ತಾಯಿ ಕಪಾಟಿನಲ್ಲಿದ್ದ ನೇರಳೆ ಬಣ್ಣದ್ದನ್ನು ತೆಗೆಸಿ ನೋಡಿ ತಮಗೂ ಒಂದು ಕೊಂಡರು. ಬಿಸಿಲಿಗೆ ಹಿಡಿಯಲಿಲ್ಲ, ಬೆರಳಿನಿಂದ ಉಜ್ಜಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬರತೊಡಗಿದರು. ಹಬ್ಬದ ಸೀರೆ ಉಟ್ಟು ಬಂದವರೇ ನಮ್ಮ ಜಾಹೀರಾತಾದರು. ಅಂಗಡಿಯಲ್ಲಿದ್ದ ಬೇರೆ ಹೆಂಗಸರು ಅವರನ್ನು ನೋಡಿ, "ನಿಮ್ಮದು ಯಾವ ಕಪಾಟಿನದು?" ಎಂದು ಕೇಳುತ್ತಿದ್ದರು. ಎಲ್ಲವೂ ಹೋದವು ಎಂದರೆ ಸುಳ್ಳಾಗುತ್ತದೆ. ಕೊನೆಗೂ ಒಂದಷ್ಟು ಉಳಿದೇ ಉಳಿದವು. ಮದುವೆಯ ಮಾಲಿಗೆ ಜಾಗವಂತೂ ಆಯಿತು.

ನನಗೆ ಬೇಕಾಗಿದ್ದವಳು ಬರಲಿಲ್ಲ. ಜಡೆಯ ಬಸ್ಸು ಬಂದ ಹೊತ್ತಿಗೆಲ್ಲ ನಾನು ಬಾಗಿಲಲ್ಲಿ ಇರುತ್ತಿದ್ದೆ. ಎಲೆಹಸಿರಿಗೆ ಒಪ್ಪುವ ಒಂದು ರವಿಕೆ ಬಟ್ಟೆಯನ್ನು ತೆಗೆದಿಟ್ಟಿದ್ದೆ.

ಕಾರ್ತಿಕದ ಕೊನೆಯ ಸೋಮವಾರ ಮಧ್ಯಾಹ್ನದ ಬಸ್ಸಿಗೆ ಅವಳು ಇಳಿದಳು. ಎಲೆಹಸಿರು ಸೀರೆ ಉಟ್ಟಿದ್ದಳು. ಅವಳಿಗೆ ಅದು ಎಷ್ಟು ಒಪ್ಪಿತ್ತೆಂದರೆ, ಬಾಗಿಲ ಬೆಳಕಿಗೆ ಹಿಡಿದು ಆರಿಸಿದವನ ಕಣ್ಣಿಗೆ ಕೈ ಮುಗಿಯಬೇಕು ಅನ್ನಿಸಿತು. ಹಿಂದೆ ಒಬ್ಬ ಹುಡುಗಿ ಇದ್ದಳು, ಮುಖ ಸಣ್ಣಗೆ ಮಾಡಿಕೊಂಡು. ನಾದಿನಿ ಇವಳೇ ಎಂದು ಹೇಳದೆಯೂ ತಿಳಿಯಿತು.

ಒಳಗೆ ಬಂದವಳು ನಾನು ಕಳಿಸಿದ ಲಕೋಟೆಯನ್ನು ಗಾದಿಯ ಮೇಲಿಟ್ಟಳು.

"ಇದು ಇಲ್ಲೇ ಇರ್ಲಿ ಬಿಡ್ರೀ."

"ಯಾಕಮ್ಮ, ತೋರಿಸಲಿಲ್ಲವಾ?"

"ತೋರಿಸೋಣ ಅಂತ ಎರಡು ಸಲ ಕೈಗೆ ತಗೊಂಡೆ. ಆಮ್ಯಾಲೆ ಅನ್ನಿಸ್ತು, ತೋರಿಸಿದ್ರೆ ನಮ್ಮಣ್ಣನ್ನ ನಾನೇ ತಕ್ಕಡಿಗೆ ಹಾಕಿದಂಗೆ ಅಲ್ಲೇನ್ರೀ? ಅರ್ಧಕ್ಕೆ ತಂದಿದ್ರೂ ಅವನು ನನಗೆ ಅಂತ ತಾನೆ ತಂದಿದ್ದು. ಅದಕ್ಕೇ ಸುಮ್ಮನೆ ಉಟ್ಕೊಂಡು ಬಿಟ್ಟೆ. ದಿನಾ ಒಬ್ಬರಲ್ಲ ಒಬ್ಬರು ನೋಡ್ತಾರೆ, ನೋಡ್ಲಿ."

ರವಿಕೆ ಬಟ್ಟೆ ಕೊಟ್ಟೆ. ನಾದಿನಿ ಕಪಾಟಿನತ್ತ ಕಳ್ಳನೋಟ ಬೀರುತ್ತಿದ್ದಳು. ಇವಳು ಅದನ್ನು ಗಮನಿಸಿ, "ನೋಡೇ, ನಿನಗ ಆ ಹಳದಿ ಒಪ್ತದೆ" ಎಂದಳು, ಏನೂ ನಡೆದೇ ಇಲ್ಲ ಎಂಬಂತೆ. ಹುಡುಗಿಯ ಕಿವಿ ಕೆಂಪಗಾಯಿತು.

ಹೊರಡುವಾಗ ಬಾಗಿಲಲ್ಲಿ ನಿಂತು, ನನ್ನ ಮೈಮೇಲಿನ ಹಳೇ ಸೀರೆಯನ್ನು ನೋಡಿದಳು.

"ಇಷ್ಟೆಲ್ಲ ಬರೆದೋರು ನೀವೇ ಅಂತಲ್ರೀ. ನೀವ್ಯಾಕೆ ಒಂದು ಉಟ್ಟಿಲ್ಲ?"

ಕೇಳುವುದರಲ್ಲಿ ಕೊಂಕಿರಲಿಲ್ಲ. ಎರಡು ಕರಪತ್ರ ಬರೆದಿದ್ದೆ, ಎಲ್ಲರಿಗೂ ಉಟ್ಟು ಬನ್ನಿ ಎಂದಿದ್ದೆ. ನನ್ನದು ಮಾತ್ರ ಕವರಿನಲ್ಲೇ, ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು.

ಆ ಸಂಜೆ ಬೇಗ ಮನೆಗೆ ಹೋಗಿ ಪೆಟ್ಟಿಗೆ ತೆಗೆದೆ. ಅಂಗಡಿಯ ಕವರಿನಿಂದ ಸೀರೆ ಹೊರಗೆ ಬಂತು. ನನ್ನದು ಮೆಂತ್ಯದ ಬಣ್ಣ. ಮೊದಲ ಮಡಿಕೆ ಬಿಡಿಸಿದೆ, ಎರಡನೆಯದನ್ನು ಬಿಡಿಸುವಾಗ ಏನೋ ಗಟ್ಟಿಯಾದದ್ದು ಜಾರಿ ಕಾಲ ಮೇಲೆ ಬಿತ್ತು.

ಅರಿಶಿನದ ಕೊಂಬು. ಅದಕ್ಕೆ ಸುತ್ತಿದ್ದ ದಾರ ವಕ್ರವಾಗಿತ್ತು, ಗಂಟು ಹಾಕಲು ಬಾರದವರು ಹಾಕಿದ ಗಂಟು. ಅಮ್ಮ ಹಾಕುತ್ತಿದ್ದ ರೀತಿಯನ್ನು ನೆನಪಿಟ್ಟುಕೊಂಡು ಅಣ್ಣ ಕಟ್ಟಿದ್ದ. ಕೊಂಬು ಇಷ್ಟು ದಿನ ಅಲ್ಲೇ ಇದ್ದು, ಮಡಿಕೆಯ ಒಳಗೆ ಒಂದು ಹಳದಿ ಕಲೆ ಮೂಡಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಯಜಮಾನರು ಅಂಗಡಿ ಮುಚ್ಚಿ ಬರುವವರೆಗೂ ಕೂತೇ ಇದ್ದೆ. ನಾನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ಅವರು ಅದುವರೆಗೆ ನೋಡಿರಲಿಲ್ಲ. ಮೈ ಹುಷಾರಿಲ್ಲವಾ ಎಂದು ಗಾಬರಿಯಿಂದ ಕೇಳಿದರು.

ಮರುದಿನ ಆ ಸೀರೆ ಉಟ್ಟು, ಮೊದಲ ಬಸ್ಸಿಗೆ ಶಿಕಾರಿಪುರಕ್ಕೆ ಹೋದೆ. ಅಣ್ಣ ಮದುವೆಯ ಮಾಲನ್ನು ಗೋಡೆಗೆ ಜೋಡಿಸುತ್ತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿರಿಗೆಯ ಹತ್ತಿರ ಕಾಣುತ್ತಿದ್ದ ಹಳದಿ ಕಲೆಯನ್ನು ತೋರಿಸಿ, "ಅಯ್ಯ, ಕಲೆಯಾಗೈತಲ್ಲ, ಬದಲಿ ಕೊಡಲೇನು?" ಎಂದ.

"ಬೇಡ" ಎಂದೆ. ಕೆಳಗೆ ಕೂತು, ಅವನು ಕೊಟ್ಟ ಸೀರೆಗಳನ್ನು ಒಂದೊಂದಾಗಿ ಮಡಚತೊಡಗಿದೆ.